ಫೋಟೋದಾಗಿನ ವೈರ್ “ಅಳಿಸೂದು” ಅನ್ನೋಣೋ, “ಮಾಯಿಸೂದು” ಅನ್ನೋಣೋ?

ಎಲ್ಲಾರಿಗೂ ನಮಸ್ಕಾರ್ರಿ. ಹುಬ್ಬಳ್ಳಿಯ ನಮ್ಮ ಸ್ಟುಡಿಯೋದ ಹುಡುಗರಿಗೆ ಫೋಟೋಶಾಪ್ ಕೆಲಸ ಕನ್ನಡದಾಗ ಬರದು ಕೊಡಾಕತ್ತೀನಿ. ಒಂದು ಮನಿ ಹಾಲ್‌ನ ಫೋಟೋ ಐತಿ, ತಿಳಿಹಳದಿ ಗೋಡಿ, ಸಾಕೆಟ್‌ನಿಂದ ಟೀವಿ ವೈರ್ ಜೋತಾಡಿಕೋತ ಕಂದು ಸ್ಕರ್ಟಿಂಗ್ ದಾಟಿ ನೆಲಕ್ಕ ಬಿದ್ದೈತಿ, ಎರಡೂ ಹೋಗಬೇಕು. Clone Stamp, Healing Brush ಎರಡಕ್ಕೂ ಮಂದಿ “ಅಳಿಸು” ಅಂತಾರ, ಆದ್ರ ಕೆಲಸ ಬ್ಯಾರೆ ಬ್ಯಾರೆ. ಬ್ಯಾರೆ ಪದ ಏನರ ಅದಾವೇನ್ರಿ?
— ಮಂಜುನಾಥ

ಸಾಕೆಟ್ ತಗಿಯೂ ಮೊದಲ ಮೇನ್ ಆಫ್ ಮಾಡ್ರಿ. ನಮ್ಮ ಮನ್ಯಾಗ ಡಬ್ಬಿ ಹಂಗ ಬಿಟ್ಟು ಮ್ಯಾಲೆ ಬ್ಲ್ಯಾಂಕ್ ಪ್ಲೇಟ್ ಕೂಡಿಸೇವಿ, ಪುಟ್ಟಿ ಹಚ್ಚೂ ಕೆಲಸಾನ ಬರ್ಲಿಲ್ಲ.
— ಬಸವರಾಜ, ಗದಗ

ಬಸಣ್ಣಾ, ಅವರು ಕೇಳಿದ್ದು ಫೋಟೋದಾಗ ತಗಿಯೂದು. ಮಂಜುನಾಥ್ ಅವರ, Healing Brush ಒಂದ ಸಾಕು, ವೈರ್ ಮ್ಯಾಲಿಂದ ಕೆಳಗಿನ ತನಕ ಎಳದ್ರ ಆತು. ಅದಕ್ಕ “ಮಾಯಿಸು” ಅನ್ರಿ, ಗಾಯ ಮಾಯ್ತು ಅಂತೀವಲ್ಲ ಹಂಗ.
— ಸವಿತಾ, ಹಾವೇರಿ

“ಮಾಯಿಸು” ಛಲೋ ಪದ ಅದ ಸವಿತಾ, ಆದ್ರ ಬರೇ ಗೋಡಿ ಇರೂತನಕ ಅಷ್ಟ ಅದು ನಡೀತದ. ಆ ಬ್ರಶ್ ಗೋಡಿಯ ತರಿ ನಾವು ತೋರ್ಸಿದ ಕಡೆಯಿಂದ ತರ್ತದ, ಬಣ್ಣ ಬೆಳಕು ಮಾತ್ರ ಹಚ್ಚಿದ ಜಾಗದ ಸುತ್ತಮುತ್ತಲಿಂದ ತಗೋತದ, ಅದಕ್ಕ ಕಿಟಕಿಯಿಂದ ದೂರ ಹೋದಂಗ ಬೆಳಕು ಇಳಿಯೂ ಗೋಡಿಗೆ ಅದ ಬೇಕು. ಸ್ಕರ್ಟಿಂಗ್ ಸನೇಕ ಹೋದ್ರ ಸುತ್ತಮುತ್ತ ಅನ್ನೂದ್ರಾಗ ಕಂದು ಬಣ್ಣಾನೂ ಬರ್ತದ, ಗೋಡಿಗೆ ಕಂದು ಹೊಗಿ ಹಬ್ಬಿದಂಗ ಕಾಣ್ತದ.

ಅದಕ್ಕ ಮೊದಲ ಖಾಲಿ ಲೇಯರ್ ಹಾಕಿ, Sample ಅಲ್ಲಿ Current & Below ಇಟ್ಟು, ಸ್ಕರ್ಟಿಂಗ್ ದಾಟೂ ತುಣುಕನ್ನ Clone Stamp‌ಲೆ ಮುಗಿಸ್ಬೇಕು. ಪಕ್ಕದಾಗ ಸ್ಕರ್ಟಿಂಗ್‌ನ ಮೇಲಂಚಿನ ಮ್ಯಾಲ Alt ಹಿಡದು ಕ್ಲಿಕ್ ಮಾಡಿ, ವೈರ್ ಇದ್ದಲ್ಲಿ ಅದ ಅಂಚಿನ ಮ್ಯಾಲ ತಂದು ಇಟ್ರ ಗೆರಿ ಕೂಡ್ತದ, ಗೆರಿ ಓರೆ ಇದ್ರೂ ಕೂಡ್ತದ. ಅದು ಇದ್ದದ್ದನ್ನ ಇದ್ದಂಗ ಒತ್ತೂದು, ಅದಕ್ಕ “ಅಚ್ಚೊತ್ತು” ಅನ್ನಬಹುದು. ಅಂಚಿನಿಂದ ವೈರ್ ಹಿಂಗ ಬಿಡಿಸಿಕೊಂಡ ಮ್ಯಾಲ ಉಳದದ್ದನ್ನ ಮಾಯಿಸ್ರಿ, ವೈರಿನ ನೆರಳು ಸೈತ. ತರಿ ಮಾತ್ರ ಕ್ಯಾಮೆರಾಕ್ಕ ಅಷ್ಟ ದೂರ ಇರೂ ಗೋಡಿಯಿಂದನ ತಗೋರಿ, ಇಲ್ಲಂದ್ರ ರೋಲರ್ ಕಾಳು ಸಣ್ಣದು ದೊಡ್ಡದು ಆಗ್ತಾವ. ಕಡೀಕ ಮ್ಯಾಲೊಂದು Curves ಲೇಯರ್ ಹಾಕಿ ಕಾಂಟ್ರಾಸ್ಟ್ ಭಾಳ ಏರ್ಸಿ ನೋಡ್ರಿ, ಕಲೆ ಇದ್ರ, ಒಂದ ಚುಕ್ಕಿ ಮತ್ತ ಮತ್ತ ಬಂದಿದ್ರ ಕಣ್ಣಿಗೆ ಹೊಡೀತದ, ನೋಡಿದ ಮ್ಯಾಲ ಆ ಲೇಯರ್ ತಗದು ಬಿಡ್ರಿ.
— ಶ್ರೀಧರ, ಧಾರವಾಡ

ಅಂಚಿನ ಮಾತು ಖರೇ ಅದ, ಒಪ್ಪಿದೆ. ಪದ ಮಾತ್ರ ಬಿಡೂದಿಲ್ಲ.
— ಸವಿತಾ

ನನಗ “ಅಚ್ಚೊತ್ತು” ಸರಿ ಅನಸ್ತು. “ಮಾಯಿಸು” ಅಂದ್ರ ಹುಡುಗರು ಮಾಯ ಮಾಡೂದು ಅಂತ ತಿಳೀತಾರ, ಹಂಗಂದ್ರ ಎರಡೂ ಒಂದ ಆಗಿಬಿಡ್ತಾವ. “ಬೆರೆಸು” ಹೆಂಗ್ರಿ?
— ಮಂಜುನಾಥ

“ಬೆರೆಸು” ಲೇಯರ್ ಬ್ಲೆಂಡಿಂಗ್‌ಗೆ ಬೇಕಾಗ್ತದ, ಅದನ್ನ ಇಲ್ಲೇ ಖರ್ಚ ಮಾಡಬ್ಯಾಡ್ರಿ. ಇನ್ನೊಂದು ಕೇಳ್ತೀನಿ, ಈ ಫೋಟೋ ಮನಿ ಬಾಡಿಗಿ ಜಾಹೀರಾತಿಗೇನು? ವೈರ್ ತಗೀರಿ, ಸಾಕೆಟ್ ಬಿಡ್ರಿ. ಬಾಡಿಗಿಗೆ ಬರಾವ್ರು ಟೀವಿ ಎಲ್ಲೆ ಇಡೂದು ಅಂತ ನೋಡೂದ ಅದನ್ನ.
— ಶ್ರೀಧರ

ಜಾಹೀರಾತಿಗೇ ರೀ. ಮಾಲಕರು ಎರಡೂ ತಗಿ ಅಂದಾರ, ಕೇಳಿ ನೋಡ್ತೀನಿ.
— ಮಂಜುನಾಥ