ಜ್ವರ ಬಿಟ್ಟಿದೆ, ಪ್ಲೇಟ್ಲೆಟ್ ಇಳಿಯುತ್ತಲೇ ಇದೆ. ಏನು ಮಾಡೋದು?

ಪ್ರಶ್ನೆ (ಜಮಖಂಡಿಯಿಂದ): ಡಾಕ್ಟರ್ರೇ, ತಮ್ಮನಿಗೆ 19 ವರ್ಷ. ಭಾನುವಾರ ಸಂಜೆ ಜ್ವರ ಬಂತು. ಡೆಂಗಿ ಎನ್‌ಎಸ್1 ಪಾಸಿಟಿವ್. ಪ್ಲೇಟ್ಲೆಟ್ ಸೋಮವಾರ 1.82 ಲಕ್ಷ, ಬುಧವಾರ 1.10 ಲಕ್ಷ, ಗುರುವಾರ 68 ಸಾವಿರ, ಇವತ್ತು ಶುಕ್ರವಾರ ಬೆಳಿಗ್ಗೆ 41 ಸಾವಿರ. ನಿನ್ನೆ ಬೆಳಿಗ್ಗೆಯಿಂದ ಜ್ವರ ಇಲ್ಲ. ಜ್ವರವೇ ಇಲ್ಲ ಅಂದ್ಮೇಲೆ ಇದು ಯಾಕೆ ಬೀಳುತ್ತಿದೆ? ಅವ್ವ ಊಟ ಬಿಟ್ಟು ಕೂತಿದ್ದಾಳೆ. ಬೆಳಗಾವಿಗೆ ಒಯ್ದು ಪ್ಲೇಟ್ಲೆಟ್ ಏರಿಸಬೇಕಾ?

ಇಳಕಲ್‌ನ ಸದಸ್ಯರು: ತಡ ಮಾಡಬೇಡ್ರಿ. 50 ಸಾವಿರದ ಕೆಳಗೆ ಬಂದರೆ ಏರಿಸಲೇಬೇಕು. ನಮ್ಮ ಕಾಕಾಗೆ ಎರಡು ಬಾಟಲಿ ಏರಿಸಿದ ಮೇಲೇ ಉಳಿದಿದ್ದು. ನೀರು ಮಾತ್ರ ಚೆನ್ನಾಗಿ ಕುಡಿಸ್ರಿ. ಪಪ್ಪಾಯಿ ಎಲೆ ರಸ ಮೂರು ಹೊತ್ತು ಕೊಡ್ರಿ.

ಡಾಕ್ಟರ್ (ಫಿಜಿಷಿಯನ್, ವಿಜಯಪುರ): ಬೆಳಗಾವಿ ವಿಚಾರ ಆಮೇಲೆ. ಅದೇ ರಿಪೋರ್ಟಿನಲ್ಲಿ ಪಿಸಿವಿ ಅಂತ ಒಂದು ಸಾಲು ಇರುತ್ತದೆ, ಕೆಲವು ಲ್ಯಾಬಿನವರು ಹಿಮ್ಯಾಟೋಕ್ರಿಟ್ ಅಂತ ಬರೆಯುತ್ತಾರೆ. ನಾಲ್ಕೂ ದಿನದ್ದು ಹಾಕಿ. ಹುಡುಗ ಕೊನೆಯ ಸಲ ಮೂತ್ರಕ್ಕೆ ಹೋಗಿದ್ದು ಎಷ್ಟು ಹೊತ್ತಿಗೆ? ಹೊಟ್ಟೆನೋವು, ವಾಂತಿ?

ಜಮಖಂಡಿ: ಪಿಸಿವಿ 41, 42.5, 45, ಇವತ್ತು 46. ಬೆಳಿಗ್ಗೆ ಆರಕ್ಕೆ ಹೋಗಿದ್ದ, ಮತ್ತೆ ಹನ್ನೊಂದಕ್ಕೆ, ಸ್ವಲ್ಪೇ, ಹಳದಿಯಾಗಿ. ಪಪ್ಪಾಯಿ ರಸ ಕೊಟ್ಟಾಗ ಒಂದು ಸಲ ವಾಂತಿ ಆಯ್ತು. ಹೊಟ್ಟೆನೋವು ಇಲ್ಲ. ಮನೆಯಲ್ಲೇ ಇದ್ದಾನೆ. ಪಿಸಿವಿ ಬಗ್ಗೆ ಯಾರೂ ಹೇಳಿರಲಿಲ್ಲ ಸರ್, ನಾವು ಪ್ಲೇಟ್ಲೆಟ್ ಸಾಲಿಗಷ್ಟೇ ಪೆನ್ನಿನಲ್ಲಿ ಗೆರೆ ಎಳೆದಿದ್ದೆವು.

ಡಾಕ್ಟರ್: ಎಲ್ಲರೂ ಅಲ್ಲೇ ಗೆರೆ ಎಳೆಯುತ್ತಾರೆ. ನನ್ನ ಹತ್ತಿರ ಬರುವ ಹತ್ತು ರಿಪೋರ್ಟಿನಲ್ಲಿ ಎಂಟಕ್ಕೆ ಪ್ಲೇಟ್ಲೆಟ್ ಸುತ್ತ ಕೆಂಪು ವೃತ್ತ ಇರುತ್ತದೆ.

ಡೆಂಗಿಯಲ್ಲಿ ಜ್ವರ ಬಿಡುವುದು ವಾಸಿಯಾಯಿತು ಅಂತಲ್ಲ. ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ನಡುವೆ ಜ್ವರ ಇಳಿಯುತ್ತದೆ. ಆಗಲೇ ರಕ್ತನಾಳದ ಗೋಡೆ ಸಡಿಲಾಗಿ ರಕ್ತದ ನೀರಿನಂಶ ಹೊರಗೆ ಸೋರುತ್ತದೆ. ಈ ಸೋರಿಕೆ ಒಂದೆರಡು ದಿನ ಇರುತ್ತದೆ. ಪ್ಲೇಟ್ಲೆಟ್ ಅತಿ ಕೆಳಗೆ ಹೋಗುವುದೂ ಸುಮಾರಾಗಿ ಇದೇ ಹೊತ್ತಿಗೆ. ಹಾಗಾಗಿ ಜ್ವರ ಬಿಟ್ಟ ಮೇಲೂ ಅದು ಬೀಳುವುದು ಈ ಕಾಯಿಲೆಯ ದಾರಿಯೇ. ನಿಮ್ಮ ತಮ್ಮ ಈಗ ಆರನೇ ದಿನದಲ್ಲಿದ್ದಾನೆ, ಇನ್ನೊಂದು ದಿನ ಇಳಿದರೂ ನನಗೆ ಆಶ್ಚರ್ಯ ಇಲ್ಲ.

ಈ ಸೋರಿಕೆಯನ್ನು ತೋರಿಸುವುದು ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣದ ಪಾಲು ನೂರಕ್ಕೆ ಎಷ್ಟು ಅನ್ನುವ ಅಂಕಿ. ಸಾರಿನಲ್ಲಿ ನೀರು ಆರಿದರೆ ಬೇಳೆ ಗಟ್ಟಿಯಾಗಿ ಕಾಣುತ್ತದಲ್ವಾ, ಹಾಗೆ. ರಕ್ತಕಣ ಜಾಸ್ತಿಯಾಗಿಲ್ಲ, ನೀರು ಕಡಿಮೆಯಾಗಿದೆ. 41ರಿಂದ ಶುರುವಾದವನಿಗೆ 49ರ ಸುಮಾರು ಬಂದರೆ ಐದನೇ ಒಂದು ಭಾಗ ಏರಿದ ಹಾಗೆ, ಆಗ ಸೋರಿಕೆ ಜೋರಾಗಿದೆ ಅಂತ ಹಿಡಿಯುತ್ತೇವೆ. ನಿಮ್ಮದು 46. ಗಾಬರಿಯ ಅಂಕಿಯಲ್ಲ. ಆದರೆ ಪ್ಲೇಟ್ಲೆಟ್ ಸರಸರ ಇಳಿಯುವಾಗಲೇ ಪಿಸಿವಿ ಏರುತ್ತಿದೆ, ಮೂತ್ರವೂ ಕಡಿಮೆ. ಈ ಮೂರೂ ಒಟ್ಟಿಗೆ ಬಂದರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಇವತ್ತೇ ಅಡ್ಮಿಟ್ ಮಾಡಿ, ಪ್ಲೇಟ್ಲೆಟ್ ಏರಿಸುವುದಕ್ಕಲ್ಲ, ಕಾಯುವುದಕ್ಕೆ. ಜಮಖಂಡಿಯಲ್ಲೇ ರಾತ್ರಿಯೂ ಬಿಪಿ, ನಾಡಿ ನೋಡುವ, ದಿನಕ್ಕೆ ಎರಡು ಸಲ ಪಿಸಿವಿ ಮಾಡುವ ಆಸ್ಪತ್ರೆ ಇದ್ದರೆ ಸಾಕು. ಇಲ್ಲದಿದ್ದರೆ ವಿಜಯಪುರಕ್ಕೆ ಬನ್ನಿ.

ಬಿಪಿಯಲ್ಲಿ ಮೇಲಿನ ಅಂಕಿ ಒಂದನ್ನೇ ನೋಡಬೇಡಿ ಅಂತ ಅಲ್ಲಿ ಹೇಳಿ. 100/84 ಅಂತ ಎರಡೂ ಹತ್ತಿರ ಬಂದರೆ ಅದು ಕೆಟ್ಟ ಸುದ್ದಿ.

ಇಳಕಲ್: ಹಾಗಾದ್ರೆ ನಮ್ಮ ಕಾಕಾಗೆ ಏರಿಸಿದ್ದು ಸುಮ್ನೆನಾ ಡಾಕ್ಟರ್ರೇ?

ಡಾಕ್ಟರ್: ಅವರ ರಿಪೋರ್ಟ್ ನೋಡದೆ ಹಾಗೆ ಹೇಳಲಾರೆ. ಅವರಿಗೆ ರಕ್ತಸ್ರಾವ ಇತ್ತೇ?

ಇಳಕಲ್: ಹೌದು, ವಸಡಿನಿಂದ ರಕ್ತ ಬರ್ತಿತ್ತು, ಮಲ ಕಪ್ಪಗಿತ್ತು.

ಡಾಕ್ಟರ್: ನೋಡಿ, ಅದು ಬೇರೆ ಮಾತು. ರಕ್ತ ಹೋಗುತ್ತಿದ್ದರೆ ಏರಿಸುತ್ತೇವೆ. ರಕ್ತಸ್ರಾವ ಇಲ್ಲದವರಿಗೆ ಸಾಮಾನ್ಯವಾಗಿ 10 ಸಾವಿರದ ಕೆಳಗೆ ಹೋದರೆ ಮಾತ್ರ ಯೋಚಿಸುತ್ತೇವೆ. ಡೆಂಗಿಯಲ್ಲಿ ಹೊರಗಿನಿಂದ ಕೊಟ್ಟ ಪ್ಲೇಟ್ಲೆಟ್ಟೂ ಬೇಗ ನಾಶವಾಗುತ್ತದೆ. ಮರುದಿನದ ಅಂಕಿ ಚೆಂದ ಕಾಣುತ್ತದೆ, ಸೋರಿಕೆ ಮಾತ್ರ ನಿಲ್ಲುವುದಿಲ್ಲ.

ಪಪ್ಪಾಯಿ ಎಲೆಯಿಂದ ಅಂಕಿ ಸ್ವಲ್ಪ ಏರಿದ್ದನ್ನು ಕೆಲವು ಸಣ್ಣ ಅಧ್ಯಯನಗಳು ಹೇಳುತ್ತವೆ. ಆದರೆ ಪ್ರಾಣ ಉಳಿಸುತ್ತದೆ ಅನ್ನಲು ಆಧಾರ ಇಲ್ಲ. ನನ್ನ ತಕರಾರು ಬೇರೆ. ಆ ಕಹಿಗೆ ವಾಂತಿಯಾದರೆ, ಅದು ಎಲೆಯದೋ ಕಾಯಿಲೆಯದೋ ನನಗೆ ಗೊತ್ತಾಗುವುದಿಲ್ಲ. ಪದೇ ಪದೇ ವಾಂತಿ ಅನ್ನುವುದೇ ಡೆಂಗಿಯ ಒಂದು ಅಪಾಯದ ಗುರುತು. ಅದರ ಬದಲು ಓಆರ್‌ಎಸ್, ಮಜ್ಜಿಗೆ, ಎಳನೀರು, ಗಂಜಿ ಗುಟುಕು ಗುಟುಕಾಗಿ ಕೊಡಿ. ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಗುಳಿಗೆ, ಇಂಜೆಕ್ಷನ್ ಬೇಡ.

ಮುಧೋಳದ ಸದಸ್ಯರು: ನನಗೂ ಹೋದ ತಿಂಗಳು ಜ್ವರ ಬಂದು ಟೈಫಾಯ್ಡಿಗೆ ಮಾಡುವ ವೈಡಾಲ್ ಟೆಸ್ಟ್ ಪಾಸಿಟಿವ್ ಬಂದಿತ್ತು. ಪ್ಲೇಟ್ಲೆಟ್ 1.30 ಲಕ್ಷ ಆಗಿತ್ತು. ಆಂಟಿಬಯಾಟಿಕ್ ತಗೊಂಡೆ, ಸರಿ ಹೋಯಿತು. ಇವರಿಗೂ ಅದೇ ಕೊಟ್ಟರೆ?

ಡಾಕ್ಟರ್: ಇವರದು ಎನ್‌ಎಸ್1 ಪಾಸಿಟಿವ್ ವೈರಸ್ ಜ್ವರ ರೀ. ಅದಕ್ಕೆ ಆಂಟಿಬಯಾಟಿಕ್ ಏನೂ ಮಾಡದು. ನಿಮ್ಮ ವೈಡಾಲ್ ಕಥೆ ಇನ್ನೊಂದು ದಿನ.

ಜಮಖಂಡಿ (ಶುಕ್ರವಾರ ರಾತ್ರಿ): ಇಲ್ಲೇ ಅಡ್ಮಿಟ್ ಮಾಡಿದೆವು, ಡ್ರಿಪ್ ಹಾಕಿದ್ದಾರೆ. ಸಂಜೆ ಆಸ್ಪತ್ರೆ ಲ್ಯಾಬಿನಲ್ಲಿ ಪ್ಲೇಟ್ಲೆಟ್ 58 ಸಾವಿರ ಬಂತು! ಬೆಳಿಗ್ಗೆ 41 ಇತ್ತು. ಏರಿದೆ ಅಲ್ವಾ?

ಲ್ಯಾಬ್ ಟೆಕ್ನಿಷಿಯನ್ (ಬಾಗಲಕೋಟೆ): ಅಣ್ಣಾ, ಖುಷಿ ಪಡಬೇಡಿ. ಬೇರೆ ಮೆಷಿನ್, ಬೇರೆ ಅಂಕಿ. ಟ್ಯೂಬನ್ನು ಸರಿಯಾಗಿ ಅಲ್ಲಾಡಿಸದಿದ್ದರೆ ಪ್ಲೇಟ್ಲೆಟ್ ಗಂಟುಗಟ್ಟುತ್ತವೆ, ಮೆಷಿನ್ ಆ ಗಂಟನ್ನು ಎಣಿಸುವುದೇ ಇಲ್ಲ. ಬೆಳಿಗ್ಗೆಯದು ಹಾಗೆ ಕಡಿಮೆ ಬಂದಿರಬಹುದು. ಸ್ಲೈಡ್ ಮಾಡಿ ಕಣ್ಣಿನಿಂದ ನೋಡಲು ಹೇಳಿ.

ಡಾಕ್ಟರ್: ಇರಬಹುದು. ಆದರೆ ನಾಲ್ಕು ದಿನದ ಇಳಿತ ಒಂದೇ ದಾರಿಯಲ್ಲಿದೆ, ಅದನ್ನು ಗಂಟು ಅಂತ ತಳ್ಳಿಹಾಕಲಾರೆ. ಯಾವುದು ಸರಿ ಅಂತ ಇಲ್ಲಿ ಕೂತು ತೀರ್ಮಾನ ಆಗದು. ಇನ್ನು ಮುಂದೆ ಒಂದೇ ಲ್ಯಾಬಿನದ್ದನ್ನೇ ಒಂದಕ್ಕೊಂದು ಹೋಲಿಸಿ. ಪಿಸಿವಿ ಎಷ್ಟು?

ಜಮಖಂಡಿ: 45. ಮೂತ್ರ ಈಗ ಚೆನ್ನಾಗಿ ಹೋಗುತ್ತಿದೆ.

ಡಾಕ್ಟರ್: ಡ್ರಿಪ್ ಹೋಗುತ್ತಿರುವಾಗ ಪಿಸಿವಿ ಇಳಿಯುವುದು ಎರಡು ಥರ. ಕೈಕಾಲು ಬೆಚ್ಚಗಿದ್ದು, ಮೂತ್ರ ಬರುತ್ತಿದ್ದರೆ ಒಳ್ಳೆಯದು. ಪಿಸಿವಿ ಇಳಿದೂ ನಾಡಿ ಓಡುತ್ತಿದ್ದರೆ, ಕೈಕಾಲು ತಣ್ಣಗಿದ್ದರೆ ಒಳಗೆಲ್ಲೋ ರಕ್ತ ಹೋಗುತ್ತಿದೆ ಅಂತ ಅನುಮಾನ ಪಡಬೇಕು. ನಿಮ್ಮದು ಮೊದಲನೆಯದರಂತೆ ಕಾಣುತ್ತದೆ.

ಜಮಖಂಡಿ (ಭಾನುವಾರ): ನಿನ್ನೆ ಪ್ಲೇಟ್ಲೆಟ್ 29 ಸಾವಿರ, ಇವತ್ತು 34 ಸಾವಿರ, ಎರಡೂ ಆಸ್ಪತ್ರೆ ಲ್ಯಾಬಿನದೇ. ಪಿಸಿವಿ 44, ಇವತ್ತು 41. ಬಿಳಿ ರಕ್ತಕಣ 2,600ಕ್ಕೆ ಹೋಗಿದ್ದು 4,800 ಆಗಿದೆ. ಅಂಗೈ ಅಂಗಾಲು ತುರಿಸುತ್ತಿದೆ ಅಂತಾನೆ, ಇಡ್ಲಿ ಕೇಳಿ ತಿಂದ.

ಡಾಕ್ಟರ್: ಬಿಳಿ ಕಣ ಸಾಮಾನ್ಯವಾಗಿ ಮೊದಲು ಏರುತ್ತದೆ, ಪ್ಲೇಟ್ಲೆಟ್ ಹಿಂದೆ ಬರುತ್ತದೆ. ಆ ತುರಿಕೆಯೂ ಚೇತರಿಕೆಯ ಕಡೆಯದು. 34 ಸಾವಿರ ನೋಡಿ ಅವ್ವ ಹೆದರುವುದು ಬೇಡ. ಈಗ ಕೇಳಬೇಕಾದ್ದು, ಡ್ರಿಪ್ ಇನ್ನೂ ಯಾಕೆ ಹೋಗುತ್ತಿದೆ ಅಂತ. ಸೋರಿದ ನೀರು ವಾಪಸ್ ರಕ್ತಕ್ಕೆ ಬರುವ ಹೊತ್ತು ಇದು. ಮೇಲಿನಿಂದಲೂ ಸುರಿದರೆ ಎದೆಯಲ್ಲಿ ನೀರು ತುಂಬಿ ಏದುಸಿರು ಬರಬಹುದು. ನಿಲ್ಲಿಸಬಹುದಾ ಅಂತ ಅಲ್ಲಿನ ಡಾಕ್ಟರನ್ನು ಕೇಳಿ.

ಜಮಖಂಡಿ: ಕೇಳಿದೆ, ಸಂಜೆ ತೆಗೆಯುತ್ತಾರಂತೆ. ಇನ್ನೊಂದು ಮಾತು ಸರ್, ಅವ್ವನಿಗೂ ನಿನ್ನೆ ರಾತ್ರಿಯಿಂದ ಮೈ ಬಿಸಿ. ನಲ್ಲಿ ನೀರು ವಾರಕ್ಕೊಮ್ಮೆ ಬರುತ್ತದೆ ಅಂತ ಅಂಗಳದಲ್ಲಿ ಮೂರು ಬ್ಯಾರಲ್ ತುಂಬಿಟ್ಟಿದ್ದೇವೆ.

ಡಾಕ್ಟರ್: ಬ್ಯಾರಲ್ ಇವತ್ತೇ ಖಾಲಿ ಮಾಡಿ, ಒಳಗೋಡೆ ಉಜ್ಜಿ ತೊಳೆಯಿರಿ. ಡೆಂಗಿ ಸೊಳ್ಳೆಯ ಮೊಟ್ಟೆ ಗೋಡೆಗೆ ಅಂಟಿರುತ್ತದೆ. ಅವ್ವನಿಗೆ ಎನ್‌ಎಸ್1 ಜೊತೆ ಪ್ಲೇಟ್ಲೆಟ್, ಪಿಸಿವಿ ಎರಡೂ ಸಿಗುವ ಸಿಬಿಸಿ ರಕ್ತಪರೀಕ್ಷೆಯನ್ನೂ ಇವತ್ತೇ ಮಾಡಿಸಿ. ಪ್ಲೇಟ್ಲೆಟ್ ಸರಿ ಬಂದರೂ ಆ ರಿಪೋರ್ಟ್ ಬೇಕು. ಮೊದಲ ದಿನದ ಪಿಸಿವಿ ಇಲ್ಲದಿದ್ದರೆ ಐದನೇ ದಿನ ನಾನು ಯಾವುದಕ್ಕೆ ಹೋಲಿಸಲಿ?