ದುಬೈಯಿಂದ 1000 ಡಾಲರ್ ಹಾಕಿದ್ದು, ಖಾತೆಗೆ ಬಿದ್ದದ್ದು 82,074. ಉಳಿದದ್ದು ಎಲ್ಲಿ?

ಮುಳ್ಳೇರಿಯದವ
ಅಣ್ಣ 1000 ಡಾಲರ್ ಹಾಕಿದ್ದಾನೆ. ಆ ದಿನ ಗೂಗಲಿನಲ್ಲಿ ರೇಟು 85.00. ಬಂದದ್ದು 82,074. ಅಂದರೆ 2,926 ಕಡಿಮೆ. ಬ್ಯಾಂಕಿನಲ್ಲಿ ಕೇಳಿದರೆ "ನಾವು ಹಿಡಿದದ್ದು 148 ಮಾತ್ರ" ಅಂತಾರೆ. ಎರಡು ದಿನ ಓಡಾಡಿ ಸಾಕಾಯ್ತು.

ಕುಂಬಳೆ ಕಡಲು
ಟಿಸಿಎಸ್ ಅಂತ ಮೊದಲೇ ತೆರಿಗೆ ಹಿಡಿದಿರ್ತಾರೆ. ವಿದೇಶದ ಹಣ ಅಂದ್ರೆ ಅದು ಉಂಟು. ಹಿಡಿದ ತೆರಿಗೆಯ ಪಟ್ಟಿ 26ಎಎಸ್ ನೋಡಿ.

ಪೆರ್ಲ ಲೆಕ್ಕ
ಟಿಸಿಎಸ್ ಇಲ್ಲಿಂದ ಹೊರಗೆ ಕಳಿಸುವಾಗ, ಒಳಗೆ ಬರುವ ಹಣಕ್ಕಲ್ಲ. ಅಣ್ಣ ಕಳಿಸಿದ್ದು ಬ್ಯಾಂಕಿಂದಲೋ ಎಕ್ಸ್‌ಚೇಂಜಿನಿಂದಲೋ? ಹಣ ಬಂದದ್ದಕ್ಕೆ ಇಲ್ಲಿಯ ಬ್ಯಾಂಕ್ ಕೊಟ್ಟ ಅಡ್ವೈಸಿನಲ್ಲಿ ಎಷ್ಟು ಡಾಲರ್, ಯಾವ ರೇಟು ಅಂತ ಬರೆದಿದೆ?

ಕುಂಬಳೆ ಕಡಲು
ಆದರೂ ಒಮ್ಮೆ 26ಎಎಸ್ ನೋಡಿ ಮಾರಾಯ್ರೆ. ಅಥವಾ ಹಣ ಯಾವುದಕ್ಕೆ ಅಂತ ಹೇಳುವ ಪರ್ಪಸ್ ಕೋಡ್ ತಪ್ಪಿರ್ಬೇಕು, P1301 ಬದಲು P1302 ಹಾಕಿದ್ರೆ ಕಡಿತ ಜಾಸ್ತಿ.

ಪೆರ್ಲ ಲೆಕ್ಕ
P1301 ಮನೆಖರ್ಚಿಗೆ, P1302 ಉಡುಗೊರೆಗೆ. ಯಾವುದು ಹಾಕಿದರೂ ಬೀಳುವ ಮೊತ್ತ ಬದಲಾಗುವುದಿಲ್ಲ.

ಮುಳ್ಳೇರಿಯದವ
ಬ್ಯಾಂಕ್ ಆ್ಯಪಿನಿಂದ. ಅಡ್ವೈಸಿನಲ್ಲಿ 980 ಡಾಲರ್, ರೇಟು 83.90. ಬ್ಯಾಂಕಿನಿಂದ ಬ್ಯಾಂಕಿಗೆ ಹೋದ ಸ್ವಿಫ್ಟ್ ಸಂದೇಶದ ಪ್ರತಿಯನ್ನೂ ಅಣ್ಣ ಕಳಿಸಿದ:

```
:33B:USD1000,00
:71A:SHA
:71F:USD20,00
```

ಪೆರ್ಲ ಲೆಕ್ಕ
ಉತ್ತರ ಇದರಲ್ಲೇ ಉಂಟು. `SHA` ಅಂದರೆ ದಾರಿಯ ಖರ್ಚು ಪಡೆಯುವವರ ಮೇಲೆ. ನಡುವಿನ ಬ್ಯಾಂಕ್ 20 ಡಾಲರ್ ಹಿಡಿದಿದೆ, ಅದು `71F`. ಗೂಗಲ್ ರೇಟಿನಲ್ಲಿ 1,700 ರೂಪಾಯಿ. ಉಳಿದ 980ಕ್ಕೆ ನಿಮ್ಮ ಬ್ಯಾಂಕ್ ಕೊಟ್ಟದ್ದು ತನ್ನ ಕೊಳ್ಳುವ ರೇಟು, ಡಾಲರಿಗೆ 1.10 ಕಡಿಮೆ, ಒಟ್ಟು 1,078. ರಸೀದಿಯಲ್ಲಿ ಇದು ಚಾರ್ಜ್ ಅಂತ ಕಾಣುವುದೇ ಇಲ್ಲ, ಹಾಗಾಗಿ "148 ಮಾತ್ರ" ಅಂತ ಅವರು ಹೇಳಿದ್ದು. ಆ 148 ಜಿಎಸ್‌ಟಿ. ಒಂದು ಲಕ್ಷದವರೆಗೆ ಮೊತ್ತದ ಶೇ 1ರ ಮೇಲೆ ಶೇ 18. ಮೂರೂ ಕೂಡಿಸಿ, 2,926 ಸರಿಯಾಗಿ ಬರುತ್ತದೆ.

ಉಪ್ಪಳ ಎಕ್ಸ್‌ಪ್ರೆಸ್
ನಮ್ಮ ಭಾವ ಎಕ್ಸ್‌ಚೇಂಜಿನಿಂದ ಹಾಕ್ತಾರೆ, ಹೇಳಿದ ರೂಪಾಯಿ ಅಷ್ಟೇ ಬೀಳ್ತದೆ, ಐದು ನಿಮಿಷದಲ್ಲಿ. ಒಂದು ಪೈಸೆ ಖರ್ಚಿಲ್ಲ!

ಪೆರ್ಲ ಲೆಕ್ಕ
ಅಲ್ಲೇ ರೂಪಾಯಿಗೆ ಬದಲಾಯಿಸುವುದರಿಂದ ಇಲ್ಲಿ ಬದಲಾಯಿಸಲಿಕ್ಕೆ ಏನೂ ಉಳಿಯುವುದಿಲ್ಲ. ಆದರೆ ಅವರ ಲಾಭವೂ ರೇಟಿನೊಳಗೆ ಇರುತ್ತದೆ. ಒಂದೇ ಗಂಟೆಯಲ್ಲಿ ಎರಡೂ ಕಡೆ "ಇಷ್ಟು ದಿರ್ಹಂ ಕೊಟ್ಟರೆ ಮನೆಗೆ ಎಷ್ಟು ರೂಪಾಯಿ" ಅಂತ ಕೇಳಿ ಹೋಲಿಸಿ.

ಮುಳ್ಳೇರಿಯದವ
ಮುಂದಿನ ಸಲ ಇನ್ನೂರು ಡಾಲರಿನಂತೆ ಐದು ಸಲ ಹಾಕಿಸಿದರೆ?

ಪೆರ್ಲ ಲೆಕ್ಕ
ಬೇಡ. 25,000ದ ಒಳಗೆ ಎಷ್ಟೇ ಇದ್ದರೂ ಜಿಎಸ್‌ಟಿ ಕನಿಷ್ಠ 45, ಐದು ಸಲಕ್ಕೆ 225. ನಡುವಿನ ಬ್ಯಾಂಕಿನ ಡಾಲರ್ ಪ್ರತಿ ಸಲವೂ ಹೋಗಬಹುದು. ಬ್ಯಾಂಕಿನಿಂದಲೇ ಹಾಕುವುದಾದರೆ `OUR` ಆರಿಸಿ. ಖರ್ಚು ಅಣ್ಣನ ಮೇಲೆ ಬೀಳುತ್ತದೆ. ಕೆಲವೊಮ್ಮೆ ಆಗಲೂ ದಾರಿಯಲ್ಲಿ ಹಿಡಿಯುವುದುಂಟು.

ಇನ್ನೊಂದು, ಅಣ್ಣನ ಸಂಬಳ ದಿರ್ಹಂನಲ್ಲಿ ಅಲ್ವಾ? ಡಾಲರ್ ಮಾಡುವಾಗ ಎಷ್ಟು ದಿರ್ಹಂ ಹೋಯಿತು? ಡಾಲರಿಗೆ ನಿಗದಿಯಾದದ್ದು 3.6725. 3,672.50ಕ್ಕಿಂತ ಹೆಚ್ಚು ಹೋಗಿದ್ದರೆ ಅದು ಈ 2,926ರ ಹೊರಗಿನ ನಷ್ಟ.

ಮುಳ್ಳೇರಿಯದವ
ಅವನು ಡ್ಯೂಟಿಯಲ್ಲಿದ್ದಾನೆ. ರಾತ್ರಿ ಕೇಳಿ ಹಾಕ್ತೇನೆ.

ಕುಂಬಳೆ ಕಡಲು
26ಎಎಸ್ ನೋಡಿದ್ರಾ?