ನ್ಯೂಜೆರ್ಸಿಯಲ್ಲಿ ಈಗ ಎಷ್ಟು ಗಂಟೆ, ಯಾವ ತಾರೀಖು?

ಧಾರವಾಡದಿಂದ ಒಬ್ಬ ತಾಯಿ:
ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ನನ್ನದು ಬಟನ್ ಫೋನು, ಇದನ್ನು ತಮ್ಮನ ಮಗ ಟೈಪ್ ಮಾಡಿಕೊಟ್ಟ. ಆಗಸ್ಟ್ 12 ಅವಳ ಹುಟ್ಟುಹಬ್ಬ. ಅಲ್ಲಿ ಆ ದಿನ ಶುರುವಾಗುತ್ತಲೇ ಮಾತಾಡಬೇಕು ಅಂತ ಹೋದ ವರ್ಷ ಆಸೆಪಟ್ಟಿದ್ದೆ. ಅಮೆರಿಕ ನಮಗಿಂತ ಒಂದು ದಿನ ಹಿಂದೆ ಅಂದುಕೊಂಡು 13ರ ಬೆಳಗ್ಗೆ 9:30ಕ್ಕೆ ಫೋನ್ ಮಾಡಿದೆ. ಹುಟ್ಟುಹಬ್ಬ ಆಗಷ್ಟೇ ಮುಗಿದಿತ್ತು. ತಲೆಯಲ್ಲೇ ಲೆಕ್ಕ ಹಾಕೋಕೆ ಯಾರಾದರೂ ದಾರಿ ಹೇಳಿ.

ಹುಬ್ಬಳ್ಳಿ, ರಾತ್ರಿ ಪಾಳಿ ಕೆಲಸದವ:
ಆಗಸ್ಟ್‌ನಲ್ಲಿ ಅಂತರ ಒಂಬತ್ತೂವರೆ ತಾಸು. ಅದನ್ನು ಕಳೆಯೋ ಗೋಜಿಗೆ ಹೋಗಬೇಡಿ. ಹಗಲು ರಾತ್ರಿ ಅದಲು ಬದಲು ಮಾಡಿ, ಎರಡೂವರೆ ತಾಸು ಕೂಡಿಸಿ. ನಮ್ಮ ರಾತ್ರಿ 8 ಅಂದರೆ ಅಲ್ಲಿ ಬೆಳಗ್ಗೆ 8, ಕೂಡಿಸಿದರೆ ಹತ್ತೂವರೆ. ತಾರೀಖೂ ಸುಲಭ: ನಮಗೆ ಬೆಳಗ್ಗೆ ಆಗಿದ್ದರೆ ಅಲ್ಲಿ ನಿನ್ನೆ.

ಗದಗ, ನಿವೃತ್ತ ಸ್ಟೇಷನ್ ಮಾಸ್ಟರ್:
ತಮ್ಮಾ, ಗಂಟೆ ಸರಿ ಹೇಳಿದಿ. ತಾರೀಖಿನ ಮಾತು ಅರ್ಧ ಮಾತ್ರ ಸರಿ. ಅಕ್ಕಾರೆ ತಪ್ಪಿದ್ದೂ ಅಲ್ಲೇ.

ಬುಧವಾರ ಬೆಳಗ್ಗೆ 7:15 ಅಂತ ಇಟ್ಟುಕೊಳ್ಳಿ. ಅದಲು ಬದಲು ಮಾಡಿದರೆ ಮಂಗಳವಾರ ರಾತ್ರಿ 7:15. ಎರಡೂವರೆ ಕೂಡಿಸಿದರೆ 9:45, ಇನ್ನೂ ಮಂಗಳವಾರವೇ. ಈಗ ಬುಧವಾರ ಬೆಳಗ್ಗೆ 10:45 ತಗೊಳ್ಳಿ. ಅದಲು ಬದಲಿಗೆ ಮಂಗಳವಾರ ರಾತ್ರಿ 10:45. ಕೂಡಿಸುವಾಗ ನಡುರಾತ್ರಿ ದಾಟಿ ಬುಧವಾರ 1:15 ಆಗುತ್ತದೆ. ನಮಗೂ ಬೆಳಗ್ಗೆ, ಅಲ್ಲೂ ಅದೇ ತಾರೀಖು.

ಅಂದರೆ ಲೆಕ್ಕದಲ್ಲಿ ಎರಡು ಹೆಜ್ಜೆ ಇವೆ. ಪ್ರತಿ ಹೆಜ್ಜೆಗೂ ವಾರದ ಹೆಸರನ್ನು ಬಾಯಲ್ಲಿ ಹೇಳಿಕೊಳ್ಳಿ. ಕೊನೆಗೆ ಒಂದೇ ಸಲ ತಾರೀಖು ಹಾಕೋಕೆ ಹೋದರೆ ತಪ್ಪುತ್ತದೆ.

ಸರಿ ಬಂತೋ ಇಲ್ಲವೋ ನೋಡೋಕೆ ಒಂದು ಗೂಟ ಇದೆ. ಈ ತಿಂಗಳುಗಳಲ್ಲಿ ನಮ್ಮ ಬೆಳಗ್ಗೆ 9:30ಕ್ಕೆ ಅಲ್ಲಿ ನಡುರಾತ್ರಿ. ಅದಕ್ಕೆ ಮುಂಚೆ ಅಲ್ಲಿ ನಿನ್ನೆ, ಆಮೇಲೆ ಅಲ್ಲಿ ಇವತ್ತೇ. ಅಕ್ಕಾರೆ, ನೀವು 12ರ ಬೆಳಗ್ಗೆ 9:30ಕ್ಕೇ ಮಾಡಬೇಕಿತ್ತು.

ಇನ್ನೊಂದು ಮಾತು. "12ನೇ ತಾರೀಖು ರಾತ್ರಿ 12" ಅಂತ ಯಾವತ್ತೂ ಹೇಳಬೇಡಿ. 12 ಶುರುವಾಗೋ ರಾತ್ರಿಯೋ, ಮುಗಿಯೋ ರಾತ್ರಿಯೋ? ಟಿಕೆಟ್‌ನಲ್ಲಿ 12ನೇ ತಾರೀಖು 00:20 ಅಂತಿರುತ್ತದೆ. ಜನ 12ರ ರಾತ್ರಿ ಊಟ ಮುಗಿಸಿ, ಹಾಸಿಗೆ ಸುತ್ತಿಕೊಂಡು ಬರುತ್ತಾರೆ. ಗಾಡಿ ಹಿಂದಿನ ರಾತ್ರಿಯೇ ಹೋಗಿರುತ್ತದೆ. ಮಕ್ಕಳನ್ನು ಕಟ್ಟಿಕೊಂಡು ಪ್ಲಾಟ್‌ಫಾರ್ಮ್ ಮೇಲೆ ನಿಂತವರಿಗೆ ಇದನ್ನು ಹೇಳುವಾಗ ನನಗೇ ಸಂಕಟ ಆಗುತ್ತಿತ್ತು. ಅದಕ್ಕೇ ನಾನು 00:00 ಅಂತಲೇ ಬರೆಯುತ್ತೇನೆ.

ಬ್ಯಾಡಗಿ, ಮೆಣಸಿನಕಾಯಿ ವ್ಯಾಪಾರ:
ನಮ್ಮ ಗಿರಾಕಿ ದುಬೈನವರು. ಒಂದೂವರೆ ತಾಸು ಕಳೆದರೆ ಮುಗೀತು, ವರ್ಷವಿಡೀ ಅಷ್ಟೇ. ರಾತ್ರಿ 1:30ರ ಒಳಗೆ ಮಾತ್ರ ತಾರೀಖು ಬೇರೆ. ಆ ಹೊತ್ತಲ್ಲಿ ನಾವು ಯಾರಿಗೂ ಫೋನ್ ಮಾಡೋದಿಲ್ಲ.

ಹಾವೇರಿ, ಶಾಲಾ ಶಿಕ್ಷಕಿ:
ಮುಳ್ಳಿನ ಗಡಿಯಾರ ಇದ್ದರೆ ತಲೆಕೆಳಗು ಹಿಡಿಯಿರಿ. ನಮ್ಮ 12 ಗಂಟೆ ಆರೂವರೆ ಥರ ಕಾಣುತ್ತದೆ. ಅದೇ ಲಂಡನ್ ಟೈಮು! ಮಕ್ಕಳಿಗೆ ತೋರಿಸಿದರೆ ತುಂಬಾ ಖುಷಿ ಪಡುತ್ತಾರೆ.

ಹುಬ್ಬಳ್ಳಿ, ರಾತ್ರಿ ಪಾಳಿ ಕೆಲಸದವ:
ಮೇಡಮ್, ಅದು ಅಲ್ಲಿನ ಚಳಿಗಾಲಕ್ಕೆ ಮಾತ್ರ. ಆಗ ಅಂತರ ಐದೂವರೆ ತಾಸು. ಬೇಸಿಗೆಯಲ್ಲಿ ಲಂಡನ್‌ನವರು ಗಡಿಯಾರ ಒಂದು ತಾಸು ಮುಂದೆ ಇಡುತ್ತಾರೆ, ಆಗ ಇದು ಒಂದು ತಾಸು ತಪ್ಪುತ್ತದೆ. ಮಾಸ್ಟರ್ ಸರ್, ತಾರೀಖಿನ ಮಾತು ಒಪ್ಪಿದೆ. ಆದರೆ 00:00 ಅಂತ ಬರೆದರೆ ಮನೆಯವರಿಗೆ ಅರ್ಥ ಆಗಲ್ಲ. ನಾನು 11:59 ಅಂತ ಬರೆಯುತ್ತೇನೆ. ಆಗ ಯಾವ ತಾರೀಖು ಅನ್ನೋ ಪ್ರಶ್ನೆಯೇ ಬರೋದಿಲ್ಲ.

ಗದಗ, ನಿವೃತ್ತ ಸ್ಟೇಷನ್ ಮಾಸ್ಟರ್:
ನನಗೆ 00:00 ಬಿಡೋಕೆ ಆಗೋದಿಲ್ಲ ತಮ್ಮಾ. ನಿನ್ನ ರೀತಿಯೂ ನಡೆಯುತ್ತದೆ.

ಅಕ್ಕಾರೆ, ಗಡಿಯಾರದ ಮಾತು ಬಂತಲ್ಲ, ನ್ಯೂಜೆರ್ಸಿಯಲ್ಲೂ ಹಾಗೇ. ನವೆಂಬರ್ ಮೊದಲ ಭಾನುವಾರ ಒಂದು ತಾಸು ಹಿಂದೆ ಇಡುತ್ತಾರೆ. ಆಮೇಲೆ ಎರಡೂವರೆ ಅಲ್ಲ, ಒಂದೂವರೆ ಕೂಡಿಸಬೇಕು. ನಿಮ್ಮ ಗೂಟವೂ 9:30ರಿಂದ 10:30ಕ್ಕೆ ಬರುತ್ತದೆ. ಮಾರ್ಚ್ ಎರಡನೇ ಭಾನುವಾರದಿಂದ ಮತ್ತೆ ಹಳೇ ಲೆಕ್ಕ.

ಧಾರವಾಡದಿಂದ ಒಬ್ಬ ತಾಯಿ:
ತಿರುಗಿಸಿ ಮಾಡಿ ನೋಡಿದೆ ಅಣ್ಣಾರೆ. ಮಗಳು "ಭಾನುವಾರ ರಾತ್ರಿ 10ಕ್ಕೆ ಮಾತಾಡೋಣ" ಅಂದಿದ್ದಾಳೆ. ಅದಲು ಬದಲಿಗೆ ನಮಗೆ ಸೋಮವಾರ ಬೆಳಗ್ಗೆ 10. ಎರಡೂವರೆ ಕಳೆದರೆ 7:30. ಸರಿ ಅಲ್ವಾ? ಆ ನವೆಂಬರ್ ಭಾನುವಾರದ ರಾತ್ರಿಯೇ ಆದರೆ ಎರಡೂವರೆಯೋ ಒಂದೂವರೆಯೋ?

ಗದಗ, ನಿವೃತ್ತ ಸ್ಟೇಷನ್ ಮಾಸ್ಟರ್:
7:30 ಸರಿ. ಅವರು ಗಡಿಯಾರ ಬದಲಿಸೋದು ಭಾನುವಾರ ನಸುಕಿನ 2 ಗಂಟೆಗೆ. ರಾತ್ರಿ 10 ಆಗೋ ಹೊತ್ತಿಗೆ ಹೊಸ ಲೆಕ್ಕ ಶುರುವಾಗಿರುತ್ತದೆ. ಒಂದೂವರೆ ಕಳೆಯಿರಿ, ಸೋಮವಾರ ಬೆಳಗ್ಗೆ 8:30.